ಸರಾಸರಿ ಸೋತಲ್ಲಿ ರ್‍ಯಾಂಕ್‌ಗಳ ಸಾಕ್ಷ್ಯ

ಭಾಷಾ ಸಮೀಕ್ಷೆ ಕೈಗೊಂಡ ನಮ್ಮ ವಿದ್ಯಾರ್ಥಿಗಳು ಎರಡು ಗುಂಪುಗಳ ಸರಾಸರಿ ತೆಗೆದು, ಟಿ-ಪರೀಕ್ಷೆ ನಡೆಸಿ, ತೀರ್ಮಾನ ಬರೆದುಬಿಡುವುದು ವಾಡಿಕೆ. ಗುಂಪಿನಲ್ಲಿ ಐದಾರು ಮಂದಿಯಷ್ಟೇ ಇದ್ದು, ಅಂಕಿಗಳು ಒಂದು ಬದಿಗೆ ವಾಲಿರುವಾಗ ಈ ವಾಡಿಕೆಯನ್ನು ಕೈಬಿಡಬೇಕೆಂಬುದು ನನ್ನ ನಿಲುವು.

ಒಂದು ಕಲ್ಪಿತ ಉದಾಹರಣೆಯನ್ನು ನೋಡೋಣ. ಅಕ್ಕಲಕೋಟ ಭಾಗದ ಹತ್ತು ಮಕ್ಕಳು ಕನ್ನಡದ ಒಂದೇ ಗದ್ಯಭಾಗವನ್ನು ಗಟ್ಟಿಯಾಗಿ ಓದಿದರು. ಕನ್ನಡ ಮಾಧ್ಯಮದ ಐವರಿಗೆ ತಗುಲಿದ ಕಾಲ 52, 55, 58, 61, 64 ಸೆಕೆಂಡು. ಮರಾಠಿ ಮಾಧ್ಯಮದ ಐವರಿಗೆ 63, 66, 70, 75, 240. ಓದುವ ವೇಗಕ್ಕೆ ಒಂದು ಮಿತಿಯುಂಟು; ತಡವರಿಕೆಗೆ ಮಿತಿಯಿಲ್ಲ. ಆದುದರಿಂದ ಇಂತಹ ಅಂಕಿಗಳು ಮೇಲ್ಬದಿಗೇ ವಾಲುತ್ತವೆ.

ಸರಾಸರಿಗಳು 58 ಮತ್ತು 102.8. ಅಂತರ ದೊಡ್ಡದು, ಆದರೂ ಟಿ ಬೆಲೆ ಸುಮಾರು 1.3 ಮಾತ್ರ. ನೂರಕ್ಕೆ ಐದರ ಮಟ್ಟದಲ್ಲಿ ಅದು 2.3ನ್ನು ದಾಟಬೇಕಿತ್ತು. 240 ಎಂಬ ಒಂದೇ ಅಂಕಿ ಸರಾಸರಿಯನ್ನು ಏರಿಸಿದ್ದಕ್ಕಿಂತ ಹೆಚ್ಚಾಗಿ, ಭಾಜಕದಲ್ಲಿರುವ ಚದುರಿಕೆಯನ್ನು ಹಿಗ್ಗಿಸಿತು.

ಈಗ ಮಾನ್-ವಿಟ್ನಿ ಪರೀಕ್ಷೆಯ ದಾರಿ ಹಿಡಿಯೋಣ. ಹತ್ತೂ ಅಂಕಿಗಳನ್ನು ಏರಿಕೆಯ ಕ್ರಮದಲ್ಲಿಟ್ಟು 1ರಿಂದ 10ರವರೆಗೆ ರ್‍ಯಾಂಕ್ ಕೊಡಬೇಕು. ಆಗ 240 ಕೇವಲ ಹತ್ತನೆಯದು. ಅದು 80 ಆಗಿದ್ದರೂ ಹತ್ತನೆಯದೇ. ಕನ್ನಡ ಮಾಧ್ಯಮದವರ ರ್‍ಯಾಂಕ್‌ಗಳು 1, 2, 3, 4, 6, ಮೊತ್ತ 16. ಐವರಿಗೆ ಸಾಧ್ಯವಿರುವ ಕನಿಷ್ಠ ಮೊತ್ತ 15. ಕಳೆದರೆ U = 1. ಅಂದರೆ, ಆ ಗುಂಪಿನ ಒಬ್ಬರನ್ನು ಈ ಗುಂಪಿನ ಒಬ್ಬರೊಡನೆ ಹೋಲಿಸುವ 25 ಜೋಡಿಗಳಲ್ಲಿ ಒಂದರಲ್ಲಿ ಮಾತ್ರ ಮರಾಠಿ ಮಾಧ್ಯಮದ ಮಗು ಮುಂದಿದೆ. ಹತ್ತು ರ್‍ಯಾಂಕ್‌ಗಳಿಂದ ಐದನ್ನು ಆರಿಸುವ ಬಗೆಗಳು 252. ಇಷ್ಟು ಅಥವಾ ಇದಕ್ಕಿಂತ ಏಕಪಕ್ಷೀಯವಾದವು, ಎರಡೂ ದಿಕ್ಕು ಸೇರಿ, ನಾಲ್ಕು ಮಾತ್ರ. 4/252 ಎಂದರೆ ಸುಮಾರು 0.016, ಇದನ್ನು ಆಕಸ್ಮಿಕವೆನ್ನುವುದು ಕಷ್ಟ.

ಆದರೆ ಇದು ಸರ್ವರೋಗದ ಮದ್ದಲ್ಲ. ಗುಂಪಿಗೆ ಮೂವರೇ ಇದ್ದರೆ ಬಗೆಗಳು 20. ಫಲಿತಾಂಶ ಎಷ್ಟೇ ಸ್ಪಷ್ಟವಾಗಿದ್ದರೂ 0.1ಕ್ಕಿಂತ ಕೆಳಗಿಳಿಯದು. ಒಂದೇ ಮಗುವನ್ನು ಪಾಠದ ಮೊದಲೂ ಅನಂತರವೂ ಅಳೆದಿದ್ದರೆ ವಿಲ್ಕಾಕ್ಸನ್ನರ ಚಿಹ್ನೆಸಹಿತ ರ್‍ಯಾಂಕ್ ಪರೀಕ್ಷೆ ಬೇಕು. ನಮ್ಮ ಪ್ರಶ್ನೆ ಸರಾಸರಿಯ ಕುರಿತೇ ಆಗಿದ್ದರೆ ರ್‍ಯಾಂಕ್‌ಗಳು ಅದಕ್ಕೆ ಉತ್ತರಿಸವು. ಗುಂಪುಗಳು ದೊಡ್ಡವಾಗಿದ್ದು ವಾಲಿಕೆ ಅಲ್ಪವಾಗಿದ್ದರೆ ಟಿ-ಪರೀಕ್ಷೆಯೇ ಸಾಕು.

ಎಲ್ಲಕ್ಕಿಂತ ದೊಡ್ಡ ತಪ್ಪೆಂದರೆ ಎರಡೂ ಪರೀಕ್ಷೆ ಮಾಡಿ, ಅನುಕೂಲವಾದುದನ್ನು ಮಾತ್ರ ಬರೆಯುವುದು. ಓದುವ ಕಾಲ ವಾಲುವುದೆಂಬುದು ಮೊದಲೇ ತಿಳಿದ ಸಂಗತಿ. ಆದುದರಿಂದ ಪರೀಕ್ಷೆಯ ಆಯ್ಕೆಯೂ ಗಡಿಯಾರ ಹಿಡಿಯುವ ಮೊದಲೇ ಆಗಿರಬೇಕು. ಆ 240 ಸೆಕೆಂಡಿನ ಮಗು ಏಕೆ ತಡವರಿಸಿತೆಂಬುದನ್ನು ಮಾತ್ರ ಯಾವ ಪರೀಕ್ಷೆಯೂ ಹೇಳದು. ಅದನ್ನು ಮಗುವಿನ ಬಳಿ ಕುಳಿತೇ ಕೇಳಬೇಕು.