ಪಾಸ್‌ಕೀ ಹಾಕೋ ಮೊದಲು ಮನೆಯ ಫೋನ್ ಲಾಕ್ ನೋಡ್ರಿ

ಬಸವಕಲ್ಯಾಣ ತಾಲೂಕಿನ ಮೋರಖಂಡಿಯಂಥ ಊರಲ್ಲಿ ಒಬ್ಬ ರೈತರ ಜೀಮೇಲ್ ಪಾಸ್‌ವರ್ಡ್ ಯಾರ ಹತ್ರ ಇರುತ್ತೆ? ಬಹಳ ಸಲ ಅವರ ಹತ್ರ ಇರಲ್ಲ. ಹೊಸ ಫೋನ್ ತಗೊಂಡ ದಿನ ಅಂಗಡಿಯವರೇ ಖಾತೆ ತೆರೆದು ಕೊಟ್ಟಿರ್ತಾರೆ, ಇಲ್ಲಾಂದ್ರೆ ಆನ್‌ಲೈನ್ ಸೆಂಟರ್‌ನ ನೋಟ್‌ಬುಕ್ಕಲ್ಲಿ ಬರೆದಿರುತ್ತೆ. ಇಂಥವರಿಗೆ ನಾವು ‘ಸ್ಟ್ರಾಂಗ್ ಪಾಸ್‌ವರ್ಡ್ ಇಡ್ರಿ’ ಅಂತ ಉಪದೇಶ ಮಾಡೋದನ್ನ ಬಿಡಬೇಕು. ಪಾಸ್‌ಕೀ ಅವರಿಗೆ ಹೆಚ್ಚು ಒಪ್ಪುತ್ತೆ. ಆದರೆ ಅದಕ್ಕೂ ಮೊದಲು ಮಾಡಬೇಕಾದ ಒಂದು ಕೆಲಸ ಇದೆ ಅನ್ನೋದು ನನ್ನ ವಾದ.

ಪಾಸ್‌ಕೀ ಅಂದ್ರೆ ನಾವು ಕ್ರಿಪ್ಟೋಗ್ರಫಿಯಲ್ಲಿ ಓದೋ ಕೀಲಿ ಜೋಡಿಯೇ. ಖಾತೆಗೆ ಪಾಸ್‌ಕೀ ಹಾಕುವಾಗ ಫೋನ್ ಎರಡು ಕೀಲಿ ಹುಟ್ಟಿಸುತ್ತದೆ. ಪಬ್ಲಿಕ್ ಕೀ ಗೂಗಲ್‌ನ ಸರ್ವರ್‌ಗೆ ಹೋಗುತ್ತದೆ, ಪ್ರೈವೇಟ್ ಕೀ ಮಾಲೀಕರ ಹತ್ರವೇ ಉಳಿಯುತ್ತದೆ. ಮುಂದೆ ಲಾಗಿನ್ ಆಗುವಾಗ ಸರ್ವರ್ ಪ್ರತಿಸಲವೂ ಹೊಸದೊಂದು ರ‍್ಯಾಂಡಮ್ ಸಂಖ್ಯೆ ಕಳಿಸುತ್ತದೆ. ಬೆರಳಿಟ್ಟರೆ ಫೋನ್ ಆ ಸಂಖ್ಯೆಗೆ ಪ್ರೈವೇಟ್ ಕೀಯಿಂದ ಸಹಿ ಹಾಕುತ್ತದೆ, ಸರ್ವರ್ ಆ ಸಹಿಯನ್ನು ಪಬ್ಲಿಕ್ ಕೀಯಿಂದ ಪರೀಕ್ಷಿಸುತ್ತದೆ. ಬೆರಳಚ್ಚು ಫೋನ್ ಬಿಟ್ಟು ಎಲ್ಲೂ ಹೋಗುವುದಿಲ್ಲ. ಸರ್ವರ್ ಕಳುವಾದರೂ ಕಳ್ಳರಿಗೆ ಸಿಗೋದು ಪಬ್ಲಿಕ್ ಕೀ ಮಾತ್ರ. ಅದರಿಂದ ಸಹಿ ಹಾಕಲು ಬರೋದಿಲ್ಲ.

‘ಪಾಸ್‌ವರ್ಡ್ ಜೊತೆ ಒಟಿಪಿ ಇದೆಯಲ್ಲ, ಸಾಕಲ್ವಾ?’ ಅಂತ ನೀವು ಕೇಳಬಹುದು. ಒಂದು ಉದಾಹರಣೆ ತಗೊಳ್ಳೋಣ. ಒಬ್ಬರಿಗೆ ಮೆಸೇಜ್ ಬಂತು, ಲಿಂಕ್ ಒತ್ತಿದರು, ಗೂಗಲ್ ಥರಾನೇ ಕಾಣೋ ಪುಟ ತೆರೆಯಿತು. ಆದರೆ ವಿಳಾಸ `google.com` ಅಲ್ಲ, `google-login.example`. ಅವರು ಪಾಸ್‌ವರ್ಡ್ ಹಾಕಿದರು, ಒಟಿಪಿ ಹಾಕಿದರು. ಆ ಕಡೆ ಕೂತವನು ಎರಡನ್ನೂ ಕೆಲವೇ ಸೆಕೆಂಡಲ್ಲಿ ನಿಜವಾದ ಗೂಗಲ್‌ಗೆ ಹಾಕಿ ಒಳಗೆ ಹೋದ. ಒಟಿಪಿಗೆ ತಾನು ಯಾವ ಪುಟಕ್ಕೆ ಹೋಗ್ತಿದ್ದೀನಿ ಅನ್ನೋದು ಗೊತ್ತಿರೋದಿಲ್ಲ. ಪಾಸ್‌ಕೀಗೆ ಗೊತ್ತಿರುತ್ತೆ. ಹುಟ್ಟುವಾಗಲೇ ಅದು `google.com` ಅನ್ನೋ ಹೆಸರಿಗೆ ಗಂಟು ಬಿದ್ದಿರುತ್ತೆ. ಬೇರೆ ವಿಳಾಸದಲ್ಲಿ ಬ್ರೌಸರ್ ಆ ಕೀಲಿಯನ್ನು ಹೊರಗೆ ತೆಗೆಯೋದೇ ಇಲ್ಲ. ಇಂಗ್ಲಿಷ್ ಸ್ಪೆಲಿಂಗ್ ನೋಡಿ ಮೋಸ ಹಿಡಿಯೋ ಕೆಲಸವನ್ನ ಮನುಷ್ಯನ ತಲೆಯಿಂದ ಇಳಿಸಿದ್ದೇ ಇದರ ದೊಡ್ಡ ಉಪಕಾರ.

ಸೆಂಟರ್‌ನ ಕಂಪ್ಯೂಟರಲ್ಲಿ ಲಾಗಿನ್ ಆಗಬೇಕಾದರೂ ಪಾಸ್‌ವರ್ಡ್ ಹೇಳಬೇಕಿಲ್ಲ. ಪರದೆಯ ಮೇಲೆ ಬರೋ ಕ್ಯೂಆರ್ ಕೋಡನ್ನು ತಮ್ಮ ಫೋನಿಂದ ಸ್ಕ್ಯಾನ್ ಮಾಡಿ ಬೆರಳಿಟ್ಟರೆ ಆಯ್ತು. ಎರಡರಲ್ಲೂ ಬ್ಲೂಟೂತ್, ಇಂಟರ್‌ನೆಟ್ ಇರಬೇಕು. ಫೋನ್ ನಿಜವಾಗಿ ಹತ್ತಿರ ಇದೆಯಾ ಅಂತ ಬ್ಲೂಟೂತ್ ಮೂಲಕ ನೋಡ್ತಾರೆ, ಹಾಗಾಗಿ ದೂರದಲ್ಲಿರೋ ಕಳ್ಳ ಆ ಕೋಡಿನ ಫೋಟೋ ಕಳಿಸಿದರೆ ನಡೆಯೋದಿಲ್ಲ. ಎರಡು ಮಾತು ನೆನಪಿರಲಿ: ಸೆಂಟರ್‌ನ ಕಂಪ್ಯೂಟರಲ್ಲೇ ಪಾಸ್‌ಕೀ ಮಾಡಿಡಬಾರದು, ಕೆಲಸ ಮುಗಿದ ಮೇಲೆ ಲಾಗ್‌ಔಟ್ ಆಗಲೇಬೇಕು.

ಈಗ ತೊಡಕಿನ ಮಾತು. ಪಾಸ್‌ಕೀ ಬಂದ ಮೇಲೆ ಖಾತೆಯ ಬೀಗ ಅಂದ್ರೆ ಫೋನಿನ ಸ್ಕ್ರೀನ್ ಲಾಕೇ. ನಮ್ಮ ಮನೆಗಳಲ್ಲಿ ಫೋನ್ ಒಬ್ಬರದ್ದಲ್ಲ. ಅಪ್ಪನ ಫೋನಿನ ಪಿನ್ ತಮ್ಮನಿಗೆ, ಕಾಕಾನ ಮಗನಿಗೆ, ಕೆಲವೊಮ್ಮೆ ಪಕ್ಕದ ಮನೆಯವರಿಗೂ ಗೊತ್ತು. ಆಟ ಆಡಲಿ ಅಂತ ಹುಡುಗರ ಬೆರಳೂ ಸೇರಿಸಿರ್ತಾರೆ. ಸಾಮಾನ್ಯವಾಗಿ ಫೋನಿಗೆ ‘ಇದು ಸೇರಿಸಿದ ಬೆರಳು’ ಅಂತಷ್ಟೇ ಬೇಕು, ಅದು ಅಪ್ಪನದಾ ತಮ್ಮನದಾ ಅಂತ ನೋಡೋದಿಲ್ಲ. ಅಂಥ ಫೋನಲ್ಲಿ ಪಾಸ್‌ಕೀ ಹಾಕಿದರೆ ಪಿನ್ ಗೊತ್ತಿದ್ದ ಎಲ್ಲರಿಗೂ ಖಾತೆ ಕೊಟ್ಟಂತೆ.

ಇನ್ನೊಂದು, ಪಾಸ್‌ಕೀ ಹಾಕಿದ ಕೂಡಲೇ ಹಳೆ ಪಾಸ್‌ವರ್ಡ್ ಸಾಯೋದಿಲ್ಲ. ಲಾಗಿನ್ ಪುಟದಲ್ಲಿ `Try another way` ಒತ್ತಿದರೆ ಅದು ಮತ್ತೆ ಎದುರಿಗೆ ಬರಬಹುದು. ಕಳ್ಳನೂ ಅದನ್ನೇ ಒತ್ತುತ್ತಾನೆ. ನೋಟ್‌ಬುಕ್ಕಲ್ಲಿ ಬರೆದಿಟ್ಟ ಪಾಸ್‌ವರ್ಡ್ ಬದಲಿಸದಿದ್ದರೆ, ಮುಂಬಾಗಿಲಿಗೆ ಹೊಸ ಬೀಗ ಜಡಿದು ಹಿತ್ತಲ ಬಾಗಿಲು ತೆರೆದಿಟ್ಟಂತೆ ಆಯ್ತು. ಯುಪಿಐ ಪಿನ್ ಹೇಳಿಸಿಕೊಂಡು ದುಡ್ಡು ಎಳೆಯೋ ಮೋಸವೂ ಬೇರೆಯೇ, ಅದನ್ನು ಜೀಮೇಲ್‌ನ ಪಾಸ್‌ಕೀ ತಡೆಯೋದಿಲ್ಲ.

ಹಾಗಾಗಿ ರಜೆಗೆ ಊರಿಗೆ ಹೋದಾಗ ಕೆಲಸವನ್ನು ಈ ಕ್ರಮದಲ್ಲೇ ಮಾಡ್ರಿ. ಮೊದಲು ಫೋನಿನ ಪಿನ್ ಬದಲಿಸಿ, ಬೇಡದ ಬೆರಳುಗಳನ್ನು ಅಳಿಸಿ. ಹೊಸ ಪಿನ್ ಅಪ್ಪನೋ ಅವ್ವನೋ ತಾವೇ ಆರಿಸಲಿ, ನೀವು ನೋಡಬೇಡಿ. ಆಮೇಲೆ ಜೀಮೇಲ್‌ನ ಪಾಸ್‌ವರ್ಡ್ ಬದಲಿಸಿ, ರಿಕವರಿ ನಂಬರ್ ಈಗ ಚಾಲೂ ಇರೋ ಸಿಮ್ಮಿನದೇನಾ ಅಂತ ಪರೀಕ್ಷಿಸಿ. ಕೊನೆಗೆ ಗೂಗಲ್ ಖಾತೆಯ ಸೆಕ್ಯುರಿಟಿ ಭಾಗದಲ್ಲಿ ಪಾಸ್‌ಕೀ ಹಾಕಿ. ಅದು ಗೂಗಲ್ ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿ ಉಳಿದಿದ್ದರೆ, ಫೋನ್ ಕಳೆದಾಗ ಹೊಸ ಫೋನಿಗೆ ತರಲು ಹಳೆ ಫೋನಿನ ಪಿನ್ ಕೇಳಬಹುದು. ಅದನ್ನು ಮರೆಯಬಾರದು ಅಂತ ಅವರಿಗೆ ತಿಳಿಸಿ ಹೇಳ್ರಿ. ಪಾಸ್‌ಕೀ ಹಾಕೋದಕ್ಕೆ ಎರಡು ನಿಮಿಷ ಸಾಕು. ಹೊತ್ತು ಹಿಡಿಯೋದು ಅದಕ್ಕಿಂತ ಮುಂಚಿನ ಕೆಲಸ, ಅದನ್ನು ಬಿಟ್ಟು ಬರಬೇಡಿ.