ಕುತ್ತಿಗೆಯನ್ನು ಬೆಳ್ಳಗೆ ಮಾಡಬೇಡಿ, ಮುಖವನ್ನು ಇಳಿಸಿ

ಮುಂಬೈಯ ಮದುವೆಯಿರಲಿ, ಹೈದರಾಬಾದಿನ ಮದುವೆಯಿರಲಿ, ಆಲ್ಬಮ್ ಕೈಗೆ ಬಂದಾಗ ಒಂದು ಚಿತ್ರವಾದರೂ ಹೀಗಿರುತ್ತದೆ. ಮದುಮಗಳ ಮುಖಕ್ಕೆ ಒಂದು ಬಣ್ಣ, ಕುತ್ತಿಗೆಗೆ ಇನ್ನೊಂದು, ಮದರಂಗಿ ಹಚ್ಚಿದ ಕೈಗೆ ಮತ್ತೊಂದು. ದವಡೆಯ ಕೆಳಗೆ ಗೆರೆ ಎಳೆದ ಹಾಗೆ ಎರಡು ಮೈಬಣ್ಣಗಳು ಬೇರೆಯಾಗಿರುತ್ತವೆ. ಮನೆಯವರು ಸ್ಟುಡಿಯೋಗೆ ಫೋನ್ ಮಾಡಿ ‘ಸ್ವಲ್ಪ ಸರಿ ಮಾಡಿಕೊಡಿ’ ಅನ್ನುತ್ತಾರೆ. ಎರಡು ದಿನದಲ್ಲಿ ಚಿತ್ರ ವಾಪಸ್ ಬರುತ್ತದೆ. ಈಗ ಕುತ್ತಿಗೆಯೂ ಬೆಳ್ಳಗೆ, ಕೈಯೂ ಬೆಳ್ಳಗೆ. ಎಲ್ಲರಿಗೂ ಸಮಾಧಾನ.

ನನ್ನ ತಕರಾರು ಇರುವುದು ಈ ಸಮಾಧಾನದ ಬಗ್ಗೆಯೇ. ಕುತ್ತಿಗೆ ಮತ್ತು ಕೈ ಇದ್ದ ಹಾಗೇ ಇದ್ದವು, ಬದಲಾದದ್ದು ಮುಖ. ತಪ್ಪಿದ್ದನ್ನು ಬಿಟ್ಟು ತಪ್ಪದೇ ಇದ್ದದ್ದನ್ನು ತಿದ್ದುವುದು ರಿಪೇರಿಯಲ್ಲ. ಇದು ಬರೀ ನೀತಿಯ ಮಾತಲ್ಲ, ಕೆಲಸದ ಲೆಕ್ಕದಲ್ಲೂ ಹೀಗೆಯೇ. ಅದನ್ನು ಒಂದು ಚಿತ್ರವನ್ನೇ ಇಟ್ಟುಕೊಂಡು ತೋರಿಸುತ್ತೇನೆ.

ಎಣ್ಣೆಗೆಂಪು ಬಣ್ಣದ ಹುಡುಗಿ. ಕಿಟಕಿಯ ಬೆಳಕಿನಲ್ಲಿ ಕೂತಿದ್ದಾಳೆ, ಕೈಗಳು ಮಡಿಲಲ್ಲಿವೆ. ಫೋಟೋಶಾಪ್‌ನಲ್ಲಿ Color Sampler ಎಂಬ ಉಪಕರಣವಿದೆ. ಚರ್ಮದ ಮೇಲೆ ಒಂದು ಚುಕ್ಕೆ ಇಟ್ಟರೆ ಅಲ್ಲಿನ ಬಣ್ಣವನ್ನು ಅಂಕಿಯಲ್ಲಿ ಹೇಳುತ್ತದೆ. Info ಪಟ್ಟಿಯಲ್ಲಿ Lab ಆರಿಸಿಕೊಂಡರೆ ಮೂರು ಅಂಕಿ ಸಿಗುತ್ತವೆ. L ಅಂದರೆ ಬೆಳಕು: 0 ಕಪ್ಪು, 100 ಬಿಳಿ. ಚರ್ಮದ ಮಟ್ಟಿಗೆ a ಹೆಚ್ಚಿದಂತೆ ಕೆಂಪು, b ಹೆಚ್ಚಿದಂತೆ ಹಳದಿ. ಒಂದೇ ರಂಧ್ರದ ಮೇಲೆ ಚುಕ್ಕೆ ಬಿದ್ದು ಮೋಸವಾಗದಿರಲು Sample Size ಅನ್ನು 11 by 11 Average ಮಾಡಿಕೊಳ್ಳಬೇಕು. ಚುಕ್ಕೆಯನ್ನು ಹೊಳೆಯುವ ಜಾಗದಲ್ಲಾಗಲಿ, ಗಲ್ಲದ ಕೆಳಗಿನ ನೆರಳಿನಲ್ಲಾಗಲಿ ಇಡಬಾರದು. ಕೆನ್ನೆಯಲ್ಲಿ ರೂಜ್ ಇಲ್ಲದ ಜಾಗ, ಕಿವಿಯ ಕೆಳಗಿನ ಕುತ್ತಿಗೆಯ ಪಕ್ಕ, ಮದರಂಗಿ ತಾಗದ ಕೈಯ ಹಿಂಭಾಗ, ಈ ಮೂರು ಸಾಕು.

ತಿದ್ದುವ ಮುಂಚಿನ ಫೈಲಿನಲ್ಲಿ ಈ ಹುಡುಗಿಯ ಕೆನ್ನೆಯ L 57, ಕುತ್ತಿಗೆಯದು 53, ಕೈಯದು 49. ಗಮನಿಸಿ, ಮೂಲದಲ್ಲೂ ಮೂರೂ ಒಂದೇ ಅಲ್ಲ. ಮುಖ ಬೆಳಕಿಗೆ ಎದುರಾಗಿದೆ, ಕೈ ದೂರದಲ್ಲಿದೆ, ಅದು ಬಿಸಿಲು ಕಂಡ ಚರ್ಮವೂ ಹೌದು. ಎಂಟು ಅಂಕಿಯ ಈ ಇಳಿಜಾರು ಕಣ್ಣಿಗೆ ಸಹಜವಾಗಿ ಕಾಣುತ್ತದೆ. ತಿದ್ದಿದ ಫೈಲಿನಲ್ಲಿ ಕುತ್ತಿಗೆ, ಕೈ ಹಾಗೇ ಇವೆ. ಕೆನ್ನೆ ಮಾತ್ರ 70. ಇನ್ನೂ ಕೆಟ್ಟದ್ದೆಂದರೆ 15 ಇದ್ದ a ಈಗ 9, 22 ಇದ್ದ b ಈಗ 12. ಅಂದರೆ ಮುಖ ಬೆಳ್ಳಗಾದದ್ದಷ್ಟೇ ಅಲ್ಲ, ಅದರೊಳಗಿನ ಕೆಂಪೂ ಹಳದಿಯೂ ಸೋರಿಹೋಗಿವೆ. ಎಣ್ಣೆಗೆಂಪಿನಲ್ಲಿ ಎಣ್ಣೆಯೂ ಇಲ್ಲ, ಕೆಂಪೂ ಇಲ್ಲ. ಉಳಿದದ್ದು ವಿಭೂತಿಯ ಬಣ್ಣ.

ಈಗ ಸ್ಟುಡಿಯೋದ ದಾರಿಯಲ್ಲಿ ಹೋಗೋಣ. ಕುತ್ತಿಗೆಯನ್ನು 66ಕ್ಕೆ ಏರಿಸಿದರು. ಕುತ್ತಿಗೆಯ ಮೇಲೆ ಚಿನ್ನದ ಸರವಿದೆ. ಅದರ ಅಂಚು ಬಿಳಿಚಿತು. ಕಿವಿ ಮರೆತುಹೋಯಿತು, ಅದು ಮಾತ್ರ ಹಳೇ ಬಣ್ಣದಲ್ಲಿ ನಿಂತಿತು. ಕೈಯನ್ನು 62ಕ್ಕೆ ಏರಿಸಿದರು. ಗಾಢ ಮದರಂಗಿಯೂ ಜೊತೆಗೇ ಏರಿ ತೊಳೆದುಹೋದ ಕಿತ್ತಳೆಯಾಯಿತು. ಆಮೇಲೆ ಮೊಣಕೈ, ರವಿಕೆಯ ಬೆನ್ನು, ಸೊಂಟ. ಕೊನೆಗೆ ಪಕ್ಕದಲ್ಲಿ ನಿಂತ ಅಮ್ಮ, ತಂಗಿ. ಅವರ ಮುಖ ಮಗಳ ಹೊಸ ಕೈಗಿಂತ ಕಪ್ಪಾಗಿ ಕಾಣುತ್ತದೆ. ಮುಖದ ಮೇಲಿನ ಒಂದು ತಪ್ಪಿಗಾಗಿ ಇಡೀ ಚಿತ್ರಕ್ಕೆ ಸುಣ್ಣ ಬಳಿದ ಹಾಗಾಯಿತು.

ಸರಿಯಾದ ದಾರಿ ಇದಕ್ಕಿಂತ ಚಿಕ್ಕದು. ಪದರಗಳನ್ನು ಉಳಿಸಿಕೊಂಡ ಫೈಲ್ ಇದ್ದರೆ ಮುಖವನ್ನು ಬೆಳಗಿಸಿದ ಪದರದ Opacity ಅನ್ನು 100ರಿಂದ 30ಕ್ಕೆ ಇಳಿಸಿ. ಕೆನ್ನೆ ಸುಮಾರು 61ಕ್ಕೆ ಬರುತ್ತದೆ; a, b ಕೂಡ 13, 19ರ ಆಸುಪಾಸಿಗೆ ಮರಳುತ್ತವೆ. ಮುಖ ಮೂಲಕ್ಕಿಂತ ತುಸು ಬೆಳಗಿಯೇ ಇರುತ್ತದೆ, ಆದರೆ ಕುತ್ತಿಗೆಯೊಂದಿಗೆ ಜಗಳವಾಡುವುದಿಲ್ಲ. ಕೆಲಸ ಮುಗಿಯಿತು.

ಪದರಗಳಿಲ್ಲದ ಜೆಪೆಗ್ ಮಾತ್ರ ಇದ್ದರೆ ಎರಡು ಹೆಜ್ಜೆ ಬೇಕು. ಮೊದಲು ಒಂದು Curves ಪದರ ಹಾಕಿ, ಅದರ ಮೋಡ್ ಅನ್ನು Luminosity ಮಾಡಿ, ಬಿಳಿ ಬಿದ್ದ ಜಾಗಕ್ಕೆ ಮಾತ್ರ ಮಾಸ್ಕ್ ಕೊಟ್ಟು, ಗೆರೆಯ ನಡುಭಾಗವನ್ನು L 61 ಆಗುವವರೆಗೆ ಕೆಳಗೆ ಎಳೆಯಿರಿ. ಮಾಸ್ಕಿನ ಅಂಚು ಮೆತ್ತಗಿರಲಿ. ಅದು ದವಡೆಯ ಕೆಳಗಿನ ನೆರಳಿನಲ್ಲಿ ಮುಗಿದರೆ ಬೆಸುಗೆ ಕಾಣದು. ಇಲ್ಲಿಗೇ ನಿಲ್ಲಿಸಿದರೆ ಮುಖ ಬೂದಿಯಾಗುತ್ತದೆ, ಏಕೆಂದರೆ ಬೆಳಕು ಇಳಿಯಿತೇ ಹೊರತು ಕಳೆದುಹೋದ ಬಣ್ಣ ಬರಲಿಲ್ಲ. ಆದ್ದರಿಂದ ಅದೇ ಮಾಸ್ಕಿನೊಂದಿಗೆ ಎರಡನೇ Curves, ಈ ಸಲ Color ಮೋಡ್‌ನಲ್ಲಿ. Blue ಗೆರೆಯನ್ನು ತುಸು ಇಳಿಸಿದರೆ ಹಳದಿ ಬರುತ್ತದೆ, Green ಇಳಿಸಿದರೆ ಕೆಂಪು ಬರುತ್ತದೆ. ಅಂಕಿಗಳು 13, 19ರ ಹತ್ತಿರ ಬಂದಾಗ ಕೈ ತೆಗೆಯಿರಿ.

ಸರಿಯಾಯಿತೋ ಇಲ್ಲವೋ ನೋಡಲು ಚಿತ್ರವನ್ನು ಅಂಚೆಚೀಟಿಯಷ್ಟು ಚಿಕ್ಕದು ಮಾಡಿ ನೋಡಿ. ಮುಖ ಬೇರೆಯಾಗಿ ತೇಲಿದರೆ ಇನ್ನೂ ಇಳಿಯಬೇಕು. ಆಮೇಲೆ ಒಂದು ಕ್ಷಣ ಚಿತ್ರವನ್ನು ಕಪ್ಪು-ಬಿಳುಪು ಮಾಡಿ. ಅಲ್ಲೂ ಗೆರೆ ಕಂಡರೆ ತೊಂದರೆ ಬೆಳಕಿನದು. ಬಣ್ಣದಲ್ಲಿ ಮಾತ್ರ ಕಂಡರೆ ಎರಡನೇ ಹೆಜ್ಜೆಯದು. ಈ ವಿಧಾನಕ್ಕೂ ಮಿತಿಯಿದೆ. ಹಣೆ, ಮೂಗು ಪೂರ್ತಿ ಬಿಳಿಯಾಗಿ ಉರಿದುಹೋಗಿದ್ದರೆ ಅಲ್ಲಿ ಇಳಿಸಲು ಏನೂ ಉಳಿದಿಲ್ಲ. ಬರುವುದು ಬರೀ ಬೂದು ಮಚ್ಚೆ. ಆಗ ಮೂಲ ಫೈಲಿನಿಂದಲೇ ಮತ್ತೆ ಶುರು ಮಾಡಬೇಕು.

ಇದಕ್ಕೆ ಎರಡು ಆಕ್ಷೇಪಗಳು ಬರುತ್ತವೆ. ಒಂದು, ‘ಮೇಕಪ್ಪಿನವರೇ ಮುಖಕ್ಕೆ ತಿಳಿ ಬಣ್ಣ ಹಚ್ಚಿದ್ದರು, ಮೂಲದಲ್ಲೇ ವ್ಯತ್ಯಾಸವಿತ್ತು.’ ಇದು ನ್ಯಾಯವಾದ ಮಾತು. ಫೌಂಡೇಶನ್ ದವಡೆಗೇ ನಿಂತಿದ್ದರೆ ಮೂಲ ಫೈಲೂ ಅಳತೆಗೋಲಾಗದು. ಆಗಲೂ ನಾನು ಹೆಚ್ಚಿನ ಪಾಲನ್ನು ಮುಖದಿಂದಲೇ ಇಳಿಸುತ್ತೇನೆ. ಕುತ್ತಿಗೆಗೆ ಎರಡು ಮೂರು ಅಂಕಿ ಏರಿಸಿದರೆ ತಪ್ಪಿಲ್ಲ, ಕೈಯನ್ನು ಮುಟ್ಟುವುದಿಲ್ಲ. ಮೇಕಪ್ ಇರದ ಕೈಯೇ ಆ ಚಿತ್ರದಲ್ಲಿರುವ ನಿಜವಾದ ಸಾಕ್ಷಿ.

ಇನ್ನೊಂದು, ‘ಗಿರಾಕಿ ಕೇಳುವುದೇ ಬೆಳ್ಳಗಿನ ಮುಖ.’ ನಾನು ಕಂಡ ಹಾಗೆ, ಗಿರಾಕಿ ಬಾಯಿಬಿಟ್ಟು ಕೇಳುವ ಮುಂಚೆಯೇ ಬಿಳಿ ಬಿದ್ದಿರುತ್ತದೆ. 2020ರಲ್ಲಿ ಫೇರ್ ಅಂಡ್ ಲವ್ಲಿ ಕೂಡ ಹೆಸರಿನಿಂದ ಫೇರ್ ತೆಗೆದು ಗ್ಲೋ ಆಯಿತು. ಹೆಸರು ಬದಲಾದದ್ದಕ್ಕೆ ಮನಸ್ಸು ಬದಲಾಯಿತೆಂದು ಹೇಳಲಾರೆ. ಆದರೆ ಕ್ರೀಮಿನ ಡಬ್ಬಿಯೇ ಹೇಳಲು ನಾಚುವ ಮಾತನ್ನು ನಮ್ಮ ಆಲ್ಬಮ್‌ಗಳು ಇನ್ನೂ ಪುಟಪುಟದಲ್ಲಿ ಹೇಳುತ್ತಿವೆ. ಮೈಬಣ್ಣಕ್ಕೆ ಎಣ್ಣೆಗೆಂಪು, ಗೋಧಿಬಣ್ಣ, ಕೃಷ್ಣವರ್ಣ ಎಂದು ಇಷ್ಟು ಮಾತುಗಳಿರುವ ಭಾಷೆ ನಮ್ಮದು. ತಿದ್ದುವವನ ಕೈಯಲ್ಲಿ ಅವೆಲ್ಲ ಒಂದೇ 70 ಆಗಬಾರದು.

ಆದ್ದರಿಂದ ಮುಂದಿನ ಸಲ ಆಲ್ಬಮ್ ಬಂದಾಗ, ಮುಖ-ಕೈ ಬೇರೆ ಬೇರೆ ಕಂಡಾಗ, ‘ಸರಿ ಮಾಡಿ’ ಎಂದಷ್ಟೇ ಹೇಳಬೇಡಿ. ಅದರ ಅರ್ಥವನ್ನು ಸ್ಟುಡಿಯೋದವರು ತಮಗೆ ಬೇಕಾದ ಹಾಗೆ ಮಾಡಿಕೊಳ್ಳುತ್ತಾರೆ. ‘ಕೈ ಇದ್ದ ಹಾಗೇ ಇರಲಿ, ಮುಖವನ್ನು ಕೈಯ ಹತ್ತಿರಕ್ಕೆ ತನ್ನಿ; ಮೂಲ ಫೈಲನ್ನೂ ಕಳಿಸಿ’ ಎಂದು ಬರೆದು ಕೇಳಿ. ಆ ಹುಡುಗಿಯ ಕೈ ಮುಂದೆಯೂ ಅದೇ ಬಣ್ಣದ್ದಾಗಿರುತ್ತದೆ. ಇಪ್ಪತ್ತು ವರ್ಷದ ಮೇಲೆ ಅದೇ ಕೈಯಲ್ಲಿ ಅವಳು ಆಲ್ಬಮ್ ತಿರುವುತ್ತಾಳೆ.