‘ಇಲ್ಲ’ ಎನ್ನುವ ಪತ್ರಕ್ಕೂ ಒಂದು ತಾರೀಖು ಬೇಕು

ಗುಜರಾತಿಗಳು ನಯವಾಗಿ ಬೇಡವೆನ್ನಬೇಕಾದಾಗ ‘ಜೋಈಶುಂ’ ಎನ್ನುತ್ತಾರೆ. ನಮ್ಮ ‘ನೋಡೋಣ ಬಿಡಿ’ ಕೂಡ ಅದೇ ಜಾತಿಯದು. ಎದುರೆದುರು ಕೂತಾಗ ದನಿಯಲ್ಲೇ ಅರ್ಥ ಗೊತ್ತಾಗುತ್ತದೆ. ಆದರೆ ಅಹಮದಾಬಾದಿನ ಕಂಪನಿಯೊಂದರ ಸಂದರ್ಶನ ಮುಗಿಸಿ ದಾವಣಗೆರೆಗೆ ಮರಳಿದ ಅಭ್ಯರ್ಥಿಗೆ ‘ದೀಪಾವಳಿ ಆದ ಮೇಲೆ ತಿಳಿಸುತ್ತೇವೆ’ ಎಂದು ಮೇಲ್ ಬಂದರೆ ಆತ ಏನೆಂದುಕೊಳ್ಳಬೇಕು? ಇಲ್ಲಿ ಎಷ್ಟೋ ಕಚೇರಿ, ಅಂಗಡಿಗಳು ದೀಪಾವಳಿಗೆ ಬಾಗಿಲು ಹಾಕಿದರೆ ತೆರೆಯುವುದು ಲಾಭ ಪಂಚಮಿಗೇ. ಅದು ಗೊತ್ತಿಲ್ಲದ ಆತ ಪಾಡ್ಯದ ಮರುದಿನದಿಂದಲೇ ಮೇಲ್ ತೆರೆದು ನೋಡುತ್ತಿರುತ್ತಾನೆ.

ಸಂದರ್ಶನದ ನಂತರ ಕಂಪನಿಗಳು ಮೌನವಾಗುವುದಕ್ಕೆ ಸೌಜನ್ಯವಿಲ್ಲದಿರುವುದೇ ಕಾರಣವೆಂದು ಹಲವರು ಭಾವಿಸುತ್ತಾರೆ. ನೇಮಕಾತಿಯ ಮೇಜಿನ ಈಚೆ ಕೂತವರಿಗೆ ನಿಜವಾದ ಕಾರಣ ಗೊತ್ತು. ನಮ್ಮಲ್ಲಿ ಅನುಭವಿಗಳ ನೋಟಿಸ್ ಅವಧಿ ಸಾಮಾನ್ಯವಾಗಿ 60ರಿಂದ 90 ದಿನ. ಮೊದಲ ಆಯ್ಕೆಯವರು ಆಫರ್ ಒಪ್ಪಿಕೊಂಡರೂ, ಅದೇ ಕಾಗದ ತೋರಿಸಿ ಬೇರೆಡೆ ಹೆಚ್ಚಿನ ಸಂಬಳ ಕುದುರಿಸಿಕೊಂಡು ಬಾರದೇ ಉಳಿಯಬಹುದು. ಹಾಗಾಗಿ ಎರಡನೆಯ ಅಭ್ಯರ್ಥಿಗೆ ಇಲ್ಲ ಎನ್ನಲು ಯಾರಿಗೂ ಮನಸ್ಸಿಲ್ಲ. ಹೌದು ಎನ್ನಲು ಹುದ್ದೆಯಿಲ್ಲ. ಮೂರು ತಿಂಗಳು ಆ ಮನುಷ್ಯನನ್ನು ಸುಮ್ಮನೆ ಬಾಗಿಲಲ್ಲಿ ನಿಲ್ಲಿಸಿಕೊಳ್ಳುತ್ತಾರೆ. ಇದನ್ನು ‘ಬಾಗಿಲು ತೆರೆದಿಡುವುದು’ ಎಂದು ಕರೆಯುವವರೂ ಇದ್ದಾರೆ.

ಇದಕ್ಕೆ ಬೇರೆ ದಾರಿಯಿದೆ. ನಾನು ಸಂದರ್ಶನ ಸಮಿತಿಯಲ್ಲಿದ್ದ ಒಂದು ನೇಮಕವನ್ನೇ ತೆಗೆದುಕೊಳ್ಳುತ್ತೇನೆ. ಅಹಮದಾಬಾದ್ ಹೊರವಲಯದ ಔಷಧ ಘಟಕ. ಗುಣಮಟ್ಟ ಪರೀಕ್ಷಾ ಪ್ರಯೋಗಾಲಯಕ್ಕೆ ಹಿರಿಯ ವಿಶ್ಲೇಷಕರು ಬೇಕಿತ್ತು. ಕೊನೆಯ ಸುತ್ತಿಗೆ ಉಳಿದ ಇಬ್ಬರಲ್ಲಿ ಒಬ್ಬರು ವಡೋದರಾದವರು, ಇನ್ನೊಬ್ಬರು ಬೆಂಗಳೂರಿನ ಜಿಗಣಿಯಲ್ಲಿ ಕೆಲಸದಲ್ಲಿದ್ದ ಹೆಣ್ಣುಮಗಳು. ಉಪಕರಣ ನಿಭಾಯಿಸುವುದರಲ್ಲಿ ಆಕೆಯೇ ಒಂದು ಕೈ ಮೇಲು. ಆದರೆ ಆ ಹುದ್ದೆಯ ಮುಖ್ಯ ಕೆಲಸ ಸ್ಟೆಬಿಲಿಟಿ ಅಧ್ಯಯನ. ಅಂದರೆ ಮಾತ್ರೆಗಳನ್ನು 40 ಡಿಗ್ರಿ ಸೆಲ್ಸಿಯಸ್, ಶೇ 75 ತೇವಾಂಶದ ಚೇಂಬರಿನಲ್ಲಿ ಆರು ತಿಂಗಳಿಟ್ಟು, ನಿಗದಿತ ದಿನಗಳಲ್ಲಿ ಹೊರತೆಗೆದು, ಔಷಧ ಎಷ್ಟು ಕೆಟ್ಟಿದೆ ಎಂದು ನೋಡುವುದು. ವಡೋದರಾದವರು ಅಂಥ ಅಧ್ಯಯನಗಳನ್ನು ತಾವೇ ನಡೆಸಿದ್ದರು. ಆಕೆ ಮಾದರಿಗಳನ್ನು ಪರೀಕ್ಷಿಸಿದ್ದರೇ ಹೊರತು, ಅಧ್ಯಯನವನ್ನು ಯೋಜಿಸಿರಲಿಲ್ಲ.

ವಡೋದರಾದವರು ಆಫರ್ ಒಪ್ಪಿದ್ದು ಅಕ್ಟೋಬರ್ 14ರಂದು. ಮರುದಿನವೇ, ದೀಪಾವಳಿ ರಜೆಗೆ ಮುನ್ನ, ಆಕೆಗೆ ಪತ್ರ ಹೋಯಿತು. ಇಂಗ್ಲಿಷಿನಲ್ಲಿ ಬರೆದದ್ದು, ಕನ್ನಡಕ್ಕೆ ತಂದರೆ ಹೀಗಾಗುತ್ತದೆ:

‘ನಮಸ್ಕಾರ. ಅಕ್ಟೋಬರ್ 3ರಂದು ಇಷ್ಟು ದೂರ ಬಂದು ನಮ್ಮೊಂದಿಗೆ ಮಾತನಾಡಿದ್ದಕ್ಕೆ ಧನ್ಯವಾದ. ಈ ಹುದ್ದೆಗೆ ನಾವು ಇನ್ನೊಬ್ಬರನ್ನು ಆಯ್ಕೆ ಮಾಡಿದ್ದೇವೆ, ಅವರು ಒಪ್ಪಿಕೊಂಡಿದ್ದಾರೆ. ಜಾಹೀರಾತಿನಲ್ಲಿ ಹೇಳಿದ್ದಂತೆ, ಸ್ಟೆಬಿಲಿಟಿ ಅಧ್ಯಯನವನ್ನು ಆರಂಭದಿಂದ ಯೋಜಿಸಿ ನಡೆಸಿದ ಅನುಭವ ನಮಗೆ ಮೊದಲ ದಿನದಿಂದಲೇ ಬೇಕಿತ್ತು. ನಿರ್ಧಾರವಾದದ್ದು ಈ ಒಂದು ಅಂಶದ ಮೇಲೆ. ಅವರು ಜನವರಿ 16ಕ್ಕೆ ಸೇರಬೇಕು. ಸೇರದಿದ್ದರೆ ಜನವರಿ 20ರೊಳಗೆ ನಿಮಗೇ ಮೊದಲು ಬರೆಯುತ್ತೇನೆ. ಅಂದು ನನ್ನಿಂದ ಪತ್ರ ಬಾರದಿದ್ದರೆ ಹುದ್ದೆ ತುಂಬಿದೆ ಎಂದು ತಿಳಿಯಿರಿ. ದಯವಿಟ್ಟು ನಮಗಾಗಿ ಬೇರೆ ಅವಕಾಶ ಬಿಡಬೇಡಿ. ನಿಮ್ಮ ವಿವರಗಳನ್ನು ಮುಂದಿನ ಜೂನ್ ಕೊನೆಯವರೆಗೆ ಇಟ್ಟುಕೊಳ್ಳಬಹುದೇ, ತಿಳಿಸಿ.’

ಕೆಳಗೆ ಸಹಿ ಹಾಕಿದ್ದು ಆಕೆಯನ್ನು ಸಂದರ್ಶಿಸಿದ ಪ್ರಯೋಗಾಲಯದ ಮುಖ್ಯಸ್ಥರು. ಉತ್ತರ ಬರೆದರೆ ಅವರಿಗೇ ತಲುಪುವ ವಿಳಾಸ.

ಪತ್ರದಲ್ಲಿ ‘ಆದರೆ’ ಎಂಬ ಮಾತಿಲ್ಲ, ಗಮನಿಸಿ. ನೀವು ಪ್ರತಿಭಾವಂತರು, ನಿಮ್ಮ ಮಾತು ಮೆಚ್ಚುಗೆಯಾಯಿತು ಎಂದು ನಾಲ್ಕು ಸಾಲು ಹೊಗಳಿ ಆಮೇಲೆ ‘ಆದರೆ’ ಬಂದರೆ, ಓದುವವರ ಪಾಲಿಗೆ ಆ ನಾಲ್ಕೂ ಸಾಲು ಸುಳ್ಳಾಗುತ್ತವೆ. ‘ಸದ್ಯಕ್ಕೆ’ ಎಂಬುದೂ ಇಲ್ಲ. ‘ಸದ್ಯಕ್ಕೆ ಮುಂದುವರಿಯಲಾಗುತ್ತಿಲ್ಲ’ ಎಂದು ಬರೆದವರಿಗೆ ಅದು ನಿರಾಕರಣೆ. ಮನೆಯಲ್ಲಿ ಸಾಲದ ಕಂತು ಲೆಕ್ಕ ಹಾಕುತ್ತಾ ಓದುವವರಿಗೆ ಅದು ಆಸೆ. ಪತ್ರ ಸ್ಪಷ್ಟವಾಗಿತ್ತೇ ಎಂದು ತಿಳಿಯಲು ಬರುವ ಉತ್ತರ ನೋಡಿದರೆ ಸಾಕು. ‘ಹಾಗಾದರೆ ಮುಂದಿನ ಸುತ್ತು ಯಾವಾಗ ಸರ್?’ ಎಂಬ ಪ್ರಶ್ನೆ ಬಂದರೆ ಸ್ಪಷ್ಟವಾಗಿರಲಿಲ್ಲ.

ಕಾರಣ ಹೇಳುವುದಕ್ಕೆ ಕಂಪನಿಗಳು ಹೆದರುತ್ತವೆ, ಅಭ್ಯರ್ಥಿ ವಾದಕ್ಕಿಳಿದಾರು ಎಂದು. ಆ ಹೆದರಿಕೆ ಪೂರ್ತಿ ಸುಳ್ಳಲ್ಲ. ಅದಕ್ಕೇ ಕಾರಣ ಒಂದೇ ಇರಬೇಕು, ಜಾಹೀರಾತಿನಲ್ಲಿ ಮೊದಲೇ ಇದ್ದದ್ದಾಗಿರಬೇಕು, ಮತ್ತು ಕೆಲಸದ ಬಗ್ಗೆ ಇರಬೇಕು, ವ್ಯಕ್ತಿಯ ಬಗ್ಗೆ ಅಲ್ಲ. ‘ನಿಮ್ಮಲ್ಲಿ ಆತ್ಮವಿಶ್ವಾಸ ಕಡಿಮೆ’ ಎಂದರೆ ಪಡೆದವರು ಅದನ್ನಿಟ್ಟುಕೊಂಡು ಏನು ಮಾಡಬೇಕು? ‘ಸ್ಟೆಬಿಲಿಟಿ ಅಧ್ಯಯನ ಯೋಜಿಸಿಲ್ಲ’ ಎಂದರೆ ನಾಳೆಯೇ ಮೇಲಧಿಕಾರಿಯ ಬಳಿ ಆ ಕೆಲಸ ಕೇಳಬಹುದು. ಇನ್ನು ‘ನಮ್ಮ ವಾತಾವರಣಕ್ಕೆ ಹೊಂದುವುದಿಲ್ಲ’ ಎಂಬ ಮಾತಿದೆ. ಗುಜರಾತಿ ಬಾರದು, ಮದುವೆಯಾದರೆ ಊರಿಗೆ ಹೋಗಿಬಿಡುತ್ತಾಳೆ ಎಂಬಂಥ ಲೆಕ್ಕಾಚಾರಗಳು ಹಲವು ಸಲ ಅದರ ಹಿಂದೆ ಅಡಗಿರುತ್ತವೆ. ಪತ್ರದಲ್ಲಿ ಬರೆಯಲು ನಾಚಿಕೆಯಾಗುವ ಕಾರಣವನ್ನು ಸಮಿತಿಯ ಕೋಣೆಯಲ್ಲೂ ಬಳಸಬಾರದಿತ್ತು ಎಂಬುದು ನನ್ನ ಅಭಿಪ್ರಾಯ. ಅಂಥದ್ದನ್ನು ಯಾವ ನಯವಾದ ವಾಕ್ಯವೂ ಸರಿಮಾಡಲಾರದು.

ಈಗ ಬಾಗಿಲಿನ ವಿಷಯ. ‘ನಿಮ್ಮ ವಿವರ ನಮ್ಮ ಕಡತದಲ್ಲಿರುತ್ತದೆ’ ಎಂಬ ಸಾಲನ್ನು ಯಾರೂ ನಂಬುವುದಿಲ್ಲ. ಆ ಕಡತವನ್ನು ಮತ್ತೆ ತೆರೆಯುವವರೂ ಕಡಿಮೆ. ನಿಜವಾಗಿ ತೆರೆದಿರುವ ಬಾಗಿಲಿಗೆ ಮೂರು ಗುರುತು: ಯಾವ ಸಂದರ್ಭದಲ್ಲಿ ಬರೆಯುತ್ತೀರಿ, ಯಾವ ದಿನದೊಳಗೆ, ಬರೆಯುವವರು ಯಾರು. ಈ ಮೂರನ್ನೂ ಹೇಳಲಾಗದಿದ್ದರೆ ಆ ಸಾಲನ್ನೇ ಬಿಟ್ಟುಬಿಡುವುದು ಒಳ್ಳೆಯದು. ವಿವರ ಇಟ್ಟುಕೊಳ್ಳಲು ಅನುಮತಿ ಕೇಳಿದ್ದು ಬರೀ ಮರ್ಯಾದೆಗಲ್ಲ. ಒಂದು ಉದ್ದೇಶಕ್ಕೆ ಪಡೆದ ವೈಯಕ್ತಿಕ ಮಾಹಿತಿಯನ್ನು ಆ ಉದ್ದೇಶ ಮುಗಿದ ಮೇಲೂ ಸುಮ್ಮನೆ ಇಟ್ಟುಕೊಳ್ಳಬಾರದು ಎಂಬುದೇ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳು.

ಪತ್ರದ ಬದಲು ಫೋನ್ ಮಾಡಬಾರದೇ ಎಂದು ಕೆಲವರು ಕೇಳುತ್ತಾರೆ. ಫೋನಿನಲ್ಲಿ ನಿರಾಕರಣೆ ಕೇಳಿದವರು ಆ ಕ್ಷಣವೇ ‘ಪರವಾಗಿಲ್ಲ ಸರ್, ಥ್ಯಾಂಕ್ಯೂ’ ಎಂದು ನಮ್ಮನ್ನೇ ಸಮಾಧಾನಪಡಿಸಬೇಕಾಗುತ್ತದೆ. ಪತ್ರವಾದರೆ ಒಬ್ಬರೇ ಕೂತು ಓದಬಹುದು. ಮಾತನಾಡಬೇಕೆನಿಸಿದರೆ ಆಮೇಲೆ ಅವರೇ ಕರೆ ಮಾಡಲಿ. ಸಂದರ್ಶನಕ್ಕೇ ಕರೆಯದ ನೂರಾರು ಅರ್ಜಿದಾರರಿಗೆ ಇಷ್ಟೆಲ್ಲ ಬೇಕಿಲ್ಲ, ಎರಡು ಸಾಲು ಸಾಕು. ರಜೆ ಹಾಕಿ ಒಂದೂವರೆ ಸಾವಿರ ಕಿಲೋಮೀಟರ್ ದೂರ ಬಂದವರ ಲೆಕ್ಕ ಬೇರೆ.

ವಡೋದರಾದವರು ಸೇರಲಿಲ್ಲ. ಉತ್ತರಾಯಣದ ಗಾಳಿಪಟದ ರಜೆ ಮುಗಿದ ಬೆಳಿಗ್ಗೆ, ಇದ್ದ ಕಂಪನಿಯೇ ಸಂಬಳ ಹೆಚ್ಚಿಸಿದೆ ಎಂದು ಅವರ ಮೇಲ್ ಬಂತು. ಮಾತು ಕೊಟ್ಟಂತೆ ಜನವರಿ 19ಕ್ಕೆ ಜಿಗಣಿಯ ಆಕೆಗೆ ಬರೆದೆವು. ಅಷ್ಟರಲ್ಲಿ ಆಕೆ ಹೈದರಾಬಾದಿನಲ್ಲಿ ಬೇರೆ ಕೆಲಸ ಒಪ್ಪಿಕೊಂಡಿದ್ದರು. ‘ಕಾಯಬೇಡಿ ಎಂದು ನೀವೇ ಹೇಳಿದ್ದಿರಲ್ಲ ಸರ್’ ಎಂದು ಉತ್ತರಿಸಿ, ಸ್ಟೆಬಿಲಿಟಿ ವಿಭಾಗದಲ್ಲೇ ಆರು ವರ್ಷ ದುಡಿದ ತಮ್ಮ ಹಳೆಯ ಸಹೋದ್ಯೋಗಿಯೊಬ್ಬರಿಗೆ ನಮ್ಮ ವಿಳಾಸ ಕೊಟ್ಟಿರುವುದಾಗಿ ತಿಳಿಸಿದ್ದರು. ಆ ಸಹೋದ್ಯೋಗಿಯನ್ನು ಸಂದರ್ಶಿಸಿ ಮಾರ್ಚ್‌ನಲ್ಲಿ ತೆಗೆದುಕೊಂಡೆವು.